ದೀಪ ಹತ್ತಿತು, ಪಿಕಪ್ ಹೋಯಿತು: ಘಾಟ್ ಇಳಿಯಬೇಕಾ, ಹಿಂದಕ್ಕೆ ಬರಬೇಕಾ?

ಪ್ರಶ್ನೆ: ಮಳೆಯಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಹೋಗುತ್ತಿದ್ದೆವು. ಗಾಡಿಯಲ್ಲಿ ನಾನು, ಹೆಂಡತಿ, ಅಮ್ಮ, ಮಗು. ಪೆಟ್ರೋಲ್ ಕಾರು, ಮ್ಯಾನ್ಯುಯಲ್ ಗೇರ್. ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ EPC ಅಂತ ಹಳದಿ ದೀಪ ಹತ್ತಿತು, ಪಿಕಪ್ ಪೂರ್ತಿ ಹೋಯಿತು. ಆಫ್ ಮಾಡಿ ಆನ್ ಮಾಡಿದರೆ ಸರಿಯಾಯಿತು, ಸ್ವಲ್ಪ ದೂರಕ್ಕೆ ಮತ್ತೆ ಅದೇ ಕಥೆ. ಮುಂದೆ ಇಳಿಜಾರು ತಾನೇ ಅಂತ ಘಾಟ್ ಇಳಿಯೋಣ ಅಂದುಕೊಂಡೆ, ಹೆಂಡತಿ ಬೇಡ ಅಂದಳು. ನಿಧಾನವಾಗಿ ಹಾಸನಕ್ಕೆ ವಾಪಸ್ ಬಂದೆವು. ಅಲ್ಲಿ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದಾಗ P2138 ಅನ್ನೋ ದೋಷದ ಕೋಡ್ ಬಂತು. ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರು, ದೀಪ ಹೋಯಿತು. ಈಗ ಮತ್ತೆ ಬಂದಿದೆ. ಥ್ರಾಟಲ್ ಬಾಡಿ ಬದಲಿಸಬೇಕು ಅನ್ನುತ್ತಿದ್ದಾರೆ. ಬದಲಿಸಬೇಕಾ? ದಾರಿಯಲ್ಲಿ ಹೀಗಾದರೆ ಎಷ್ಟು ದೂರ ಓಡಿಸಬಹುದು?

ಉತ್ತರ:

ಮೊದಲು ಎರಡು ಮಾತು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಹೆಂಡತಿ ಹೇಳಿದ್ದೇ ಸರಿ. ಮತ್ತೆ, ಈ ಕೋಡ್ ನೋಡಿಕೊಂಡು ಥ್ರಾಟಲ್ ಬಾಡಿಗೆ ಈಗಲೇ ದುಡ್ಡು ಕೊಡಬೇಡಿ. ಯಾಕೆ ಅಂತ ಗೊತ್ತಾಗಬೇಕಾದರೆ ಆ ದೀಪ ಹತ್ತಿದ ಕ್ಷಣದಲ್ಲಿ ಗಾಡಿ ಏನು ಮಾಡಿತು ಅನ್ನೋದು ತಿಳಿಯಬೇಕು.

ಹಳೆಯ ಕಾರುಗಳಲ್ಲಿ ಆಕ್ಸಿಲರೇಟರ್‌ಗೂ ಇಂಜಿನ್‌ಗೂ ನಡುವೆ ಒಂದು ಕೇಬಲ್ ಇರುತ್ತಿತ್ತು. ನೀವು ತುಳಿದರೆ ಗಾಳಿ ಹೋಗುವ ದಾರಿಯ ಬಿಲ್ಲೆ ತೆರೆಯುತ್ತಿತ್ತು, ಅಷ್ಟೇ. ಈಗ ಆ ಕೇಬಲ್ ಇಲ್ಲ. ಪೆಡಲ್‌ನಲ್ಲಿ ಸೆನ್ಸರ್ ಇದೆ. ನೀವು ಎಷ್ಟು ತುಳಿದಿರಿ ಅನ್ನೋದನ್ನು ಅದು ವೋಲ್ಟೇಜ್ ರೂಪದಲ್ಲಿ ಇಂಜಿನ್ ಕಂಪ್ಯೂಟರ್‌ಗೆ ಹೇಳುತ್ತದೆ. ಆ ಬಿಲ್ಲೆ ಇರುವ ಭಾಗವೇ ಥ್ರಾಟಲ್ ಬಾಡಿ. ಕಂಪ್ಯೂಟರ್ ಅದರ ಚಿಕ್ಕ ಮೋಟರ್‌ಗೆ ಕರೆಂಟ್ ಕೊಟ್ಟು ಬಿಲ್ಲೆ ತೆರೆಸುತ್ತದೆ. ಅಂದರೆ ನೀವು ಇಂಜಿನ್‌ಗೆ ಆರ್ಡರ್ ಕೊಡುತ್ತಿಲ್ಲ, ಕೋರಿಕೆ ಸಲ್ಲಿಸುತ್ತಿದ್ದೀರಿ.

ಸೆನ್ಸರ್ ಒಂದೇ ಇದ್ದು ಅದು ಸುಳ್ಳು ಹೇಳಿದರೆ? ಕಾಲು ಇಡದೆಯೇ ಗಾಡಿ ಮುನ್ನುಗ್ಗಿಬಿಡಬಹುದು. ಅದಕ್ಕೇ ಪೆಡಲ್‌ನಲ್ಲಿ ಎರಡು ಸೆನ್ಸರ್, ಥ್ರಾಟಲ್ ಬಾಡಿಯೊಳಗೂ ಎರಡು. ಕಂಪ್ಯೂಟರ್ ಸದಾ ಎರಡರ ಲೆಕ್ಕವನ್ನೂ ತಾಳೆ ನೋಡುತ್ತಿರುತ್ತದೆ. ತಾಳೆ ಆಗದಿದ್ದರೆ ಯಾವುದನ್ನು ನಂಬೋದು ಅಂತ ತಲೆಕೆಡಿಸಿಕೊಳ್ಳದೆ ಪವರ್ ಕಡಿಮೆ ಮಾಡಿ ದೀಪ ಹತ್ತಿಸುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳಲ್ಲಿ ಅದು EPC ಅಂತ ಕಾಣುತ್ತದೆ, ಜೀಪ್‌ನಲ್ಲಿ ಮಿಂಚಿನ ಗುರುತು, ಫೋರ್ಡ್‌ನಲ್ಲಿ ಸ್ಪ್ಯಾನರ್. ಕೆಲವು ಕಾರುಗಳಲ್ಲಿ ಬೇರೆ ದೀಪವೇ ಇಲ್ಲ, ಚೆಕ್ ಇಂಜಿನ್ ದೀಪ ಮಾತ್ರ. ಎಲ್ಲದರ ಅರ್ಥ ಹೆಚ್ಚುಕಡಿಮೆ ಒಂದೇ.

ಆದರೆ ಪವರ್ ಎಷ್ಟು ಕಡಿಮೆಯಾಗುತ್ತದೆ ಅನ್ನೋದರಲ್ಲಿ ಮಟ್ಟಗಳಿವೆ. ದಾರಿಯಲ್ಲಿ ನಿಮಗೆ ಬೇಕಾದ ಸುಳಿವು ಇದೇ. ಪೆಡಲ್‌ನ ಒಂದು ಸೆನ್ಸರ್ ಮೇಲೆ ಅನುಮಾನ ಬಂದರೆ ಕಂಪ್ಯೂಟರ್ ಇನ್ನೊಂದನ್ನು ನಂಬಿ ಗಾಡಿ ಓಡಿಸುತ್ತದೆ. ಪಿಕಪ್ ಮಂದ, ಆದರೆ ತುಳಿದರೆ ಆರ್‌ಪಿಎಂ ಏರುತ್ತದೆ. ಎರಡೂ ಸೆನ್ಸರ್ ಕೈಕೊಟ್ಟರೆ ಪೆಡಲ್ ತುಳಿಯೋದೂ ಒಂದೇ, ಬಿಡೋದೂ ಒಂದೇ. ಇಂಜಿನ್ ಸಾಮಾನ್ಯವಾಗಿ 1200ರಿಂದ 1500 ಆರ್‌ಪಿಎಂನಲ್ಲಿ ನಿಂತುಬಿಡುತ್ತದೆ. ಫಸ್ಟ್ ಗೇರ್‌ನಲ್ಲಿ ಸೈಕಲ್ ವೇಗಕ್ಕಿಂತ ಜಾಸ್ತಿ ಹೋಗಲ್ಲ. ಮೂರನೆಯದು ಥ್ರಾಟಲ್ ಬಾಡಿಯದೇ ತೊಂದರೆ. ಆಗ ಮೋಟರ್‌ಗೆ ಕರೆಂಟ್ ನಿಲ್ಲುತ್ತದೆ, ಸ್ಪ್ರಿಂಗ್ ಬಿಲ್ಲೆಯನ್ನು ಸ್ವಲ್ಪವೇ ತೆರೆದ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಪೂರ್ತಿ ಮುಚ್ಚಿದರೆ ಇಂಜಿನ್ ನಿಂತೇ ಹೋಗುತ್ತಲ್ಲ, ಅದಕ್ಕೆ. ಆಮೇಲೆ ಪೆಟ್ರೋಲ್ ಕಡಿತ ಮಾಡಿ, ಇಗ್ನಿಷನ್ ತಡಮಾಡಿ ಕಂಪ್ಯೂಟರ್ ಇಂಜಿನ್ನನ್ನು ಹಿಡಿತದಲ್ಲಿಡುತ್ತದೆ. ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ತೂಗಾಡುವುದು ಇಲ್ಲಿ.

ನಿಮ್ಮ ವಿವರ ನೋಡಿದರೆ ಗಾಡಿ ಮೊದಲನೆ ಮತ್ತು ಎರಡನೆ ಮಟ್ಟದ ನಡುವೆ ಇತ್ತು. ಆಫ್ ಮಾಡಿ ಆನ್ ಮಾಡಿದಾಗ ಸರಿಹೋಗಿದ್ದು ಯಾಕೆ ಅಂದರೆ, ಕಂಪ್ಯೂಟರ್ ಶುರುವಿನಲ್ಲಿ ಹೊಸದಾಗಿ ಪರೀಕ್ಷೆ ಮಾಡುತ್ತದೆ. ಆ ಹೊತ್ತಿಗೆ ಎರಡು ಸೆನ್ಸರ್ ತಾಳೆ ಆದರೆ ಪಾಸ್. ಗಾಡಿ ಕುಲುಕಿದಾಗ ಮತ್ತೆ ತಪ್ಪಿತು, ಮತ್ತೆ ಫೇಲ್. ದೋಷ ಬಂದು ಹೋಗುವ ಜಾತಿಯದು, ಬಹುಶಃ ಎಲ್ಲೋ ಸಡಿಲ ಅಥವಾ ತೇವ, ಅನ್ನೋದನ್ನು ಇದೇ ಹೇಳುತ್ತಿದೆ.

ಈಗ ಘಾಟ್ ವಿಷಯ. ಇಳಿಜಾರಿನಲ್ಲಿ ಪಿಕಪ್ ಯಾಕೆ ಬೇಕು ಅಂತ ತುಂಬಾ ಜನ ಯೋಚಿಸುತ್ತಾರೆ. ಶಿರಾಡಿಯಲ್ಲಿ ನಿಮಗೆ ಪಿಕಪ್ ಬೇಕಾಗೋದು ಇಳಿಯೋದಕ್ಕಲ್ಲ, ಪಕ್ಕಕ್ಕೆ ಸರಿಯೋದಕ್ಕೆ. ಹಿಂದೆ ತುಂಬಿದ ಟ್ಯಾಂಕರ್ ಬರುತ್ತಿರುತ್ತದೆ, ಎದುರಿಗೆ ಬಸ್ ಓವರ್‌ಟೇಕ್ ಮಾಡುತ್ತಿರುತ್ತದೆ, ನಿಲ್ಲಿಸೋಣ ಅಂದರೆ ಜಾಗ ಇರಲ್ಲ. ದಾರಿಯ ನಡುವೆ ಸಣ್ಣ ಏರುಗಳೂ ಬರುತ್ತವೆ. ಮೊದಲನೆ ಮಟ್ಟದಲ್ಲಿದ್ದ ದೋಷ ಆ ಏರಿನಲ್ಲೇ ಎರಡನೆಗೆ ಹೋದರೆ ಗಾಡಿ ತಿರುವಿನಲ್ಲೇ ನಿಲ್ಲುತ್ತದೆ. ಫೋನ್ ಸಿಗ್ನಲ್ ಸಿಗದ ಜಾಗಗಳಿವೆ. ಮಳೆ, ಮಂಜು ಬೇರೆ. ಇಷ್ಟೆಲ್ಲಾ ದಾಟಿ ಕೆಳಗೆ ಗುಂಡ್ಯ ತಲುಪಿದರೂ ದೊಡ್ಡ ಗ್ಯಾರೇಜ್‌ಗೆ ಇನ್ನೂ ದೂರ ಹೋಗಬೇಕು. ಘಾಟ್ ಶುರುವಾಗುವ ಮುಂಚೆ ದೀಪ ಹತ್ತಿದರೆ ಮುಂದಿನ ದಾರಿ ಮುಗಿಯಿತು ಅಂತಲೇ ತಿಳಿಯಿರಿ. ಸಕಲೇಶಪುರ ಹಿಂದೆ ಕೆಲವೇ ಕಿಲೋಮೀಟರ್, ಅಲ್ಲಿ ಹೋಟೆಲ್ ಇದೆ, ಬೆಳಕಿದೆ, ಜನ ಇದ್ದಾರೆ.

ಆದರೆ ವಾಪಸ್ ತಿರುಗಿಸೋದು ಸುಲಭ ಅಂದುಕೊಳ್ಳಬೇಡಿ. ನನ್ನ ಪ್ರಕಾರ ನಿಮ್ಮ ಇಡೀ ಪ್ರಯಾಣದಲ್ಲಿ ಅತ್ಯಂತ ಅಪಾಯದ ಕ್ಷಣ ಆ ಯೂ-ಟರ್ನ್. ಲೆಕ್ಕ ಹಾಕಿ ನೋಡಿ. 60 ಕಿ.ಮೀ. ವೇಗದ ಲಾರಿ ಸೆಕೆಂಡಿಗೆ ಸುಮಾರು 17 ಮೀಟರ್ ಬರುತ್ತದೆ. ಪಿಕಪ್ ಇಲ್ಲದ ಗಾಡಿ ರಸ್ತೆ ಅಡ್ಡ ದಾಟಿ ನೇರವಾಗಲು 6 ಸೆಕೆಂಡ್ ತಗೊಂಡರೆ ಲಾರಿ 100 ಮೀಟರ್ ಹತ್ತಿರ ಬಂದಿರುತ್ತದೆ. ಮಂಜಿನಲ್ಲಿ ನಿಮಗೆ 100 ಮೀಟರ್ ಕಾಣುತ್ತದಾ? ಹಾಗಾಗಿ ದೀಪ ಹತ್ತಿದ ಜಾಗದಲ್ಲೇ ತಿರುಗಿಸಬಾರದು. ಎಡಕ್ಕೇ ಹೋಗುತ್ತಾ ಹೋಟೆಲ್ ಅಥವಾ ಪೆಟ್ರೋಲ್ ಬಂಕ್ ಮುಂದಿನ ಅಗಲ ಜಾಗ ಹುಡುಕಿ. ಎರಡೂ ಕಡೆ ದೂರದವರೆಗೆ ರಸ್ತೆ ಕಾಣಬೇಕು. ಅಲ್ಲಿಯವರನ್ನು ಕೇಳಿದರೆ ಒಬ್ಬರು ನಿಂತು ಕೈ ತೋರಿಸುತ್ತಾರೆ. ಅದೂ ಆಗಲ್ಲ ಅಂದರೆ ಗಾಡಿ ಅಲ್ಲೇ ಇರಲಿ, ಟೋ ಗಾಡಿಯೇ ಬರಲಿ.

ದೀಪ ಹತ್ತಿದ ಮೊದಲ ನಿಮಿಷಕ್ಕೆ ಬರೋಣ. ಪೆಡಲನ್ನು ಪದೇಪದೇ ಪಂಪ್ ಮಾಡೋದು ಎಲ್ಲರ ಕಾಲಿಗೂ ತಾನಾಗೇ ಬರುತ್ತದೆ. ಅದರಿಂದ ಲಾಭ ಇಲ್ಲ, ದೋಷ ಬಿಟ್ಟುಬಿಟ್ಟು ಬರುವಂಥದ್ದಾದರೆ ಗಾಡಿ ಇದ್ದಕ್ಕಿದ್ದಂತೆ ಜಿಗಿಯಬಹುದು. ಕಾಲನ್ನು ಹಗುರವಾಗಿ ಇಟ್ಟುಕೊಂಡು, ನಾಲ್ಕೂ ಇಂಡಿಕೇಟರ್ ಹಾಕಿ, ಇರುವ ವೇಗದಲ್ಲೇ ಎಡಕ್ಕೆ ಬನ್ನಿ. ಗಾಡಿ ಓಡುತ್ತಿರುವಾಗಲೇ ಇಗ್ನಿಷನ್ ಆಫ್ ಮಾಡೋ ಯೋಚನೆ ಬೇಡ. ಇಂಜಿನ್ ನಿಂತರೆ ಸ್ಟೇರಿಂಗ್ ಗಟ್ಟಿಯಾಗುತ್ತದೆ, ಒಂದೆರಡು ಸಲ ತುಳಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಕೀ ಹೊರಗೆ ತೆಗೆದರೆ ಸ್ಟೇರಿಂಗ್ ಲಾಕ್ ಕೂಡ ಬೀಳಬಹುದು. ಪೂರ್ತಿ ನಿಂತ ಮೇಲೆಯೇ ಆಫ್.

ಆಫ್ ಮಾಡೋ ಮುಂಚೆ ಮೀಟರ್‌ನ ಫೋಟೋ ತೆಗೆಯಿರಿ. ಯಾವ್ಯಾವ ದೀಪ ಇದೆ, ಆರ್‌ಪಿಎಂ ಎಷ್ಟು, ಬಿಸಿ ಎಷ್ಟು ಎಲ್ಲಾ ಒಂದೇ ಫೋಟೋದಲ್ಲಿ ಬರುತ್ತದೆ. ಗ್ಯಾರೇಜ್‌ನಲ್ಲಿ ಗಾಡಿ ಚೆನ್ನಾಗಿ ಓಡಿ ನಿಮ್ಮ ಮರ್ಯಾದೆ ತೆಗೆಯೋ ಸಾಧ್ಯತೆ ಯಾವಾಗಲೂ ಇರುತ್ತಲ್ಲ, ಆಗ ಆ ಫೋಟೋ ಮಾತಾಡುತ್ತದೆ. ಆಮೇಲೆ ಜನರನ್ನು ಎಡಬದಿಯಿಂದ ಇಳಿಸಿ ರಸ್ತೆಯಿಂದ ಆಚೆ ನಿಲ್ಲಿಸಿ, ತ್ರಿಕೋನವನ್ನು ಗಾಡಿಯಿಂದ 50 ಮೀಟರ್ ಹಿಂದಕ್ಕಾದರೂ ಇಡಿ. ತಿರುವು ಇದ್ದರೆ ತಿರುವಿಗೂ ಮುಂಚೆ.

ಇಗ್ನಿಷನ್ ಆಫ್ ಮಾಡಿ ಒಂದೆರಡು ನಿಮಿಷ ಬಿಡಿ. ಆ ಹೊತ್ತಿನಲ್ಲಿ ಆಕ್ಸಿಲರೇಟರ್ ಕೆಳಗೆ ಮ್ಯಾಟ್ ಸಿಕ್ಕಿಹಾಕಿಕೊಂಡಿದೆಯಾ ನೋಡಿ. ಕೈಯಿಂದ ಒತ್ತಿ ಬಿಟ್ಟರೆ ಪೆಡಲ್ ಸಲೀಸಾಗಿ ಮೇಲೆ ಬರಬೇಕು. ಆಮೇಲೆ ಇಗ್ನಿಷನ್ ಹಾಕಿ, ಒಬ್ಬರು ಬ್ರೇಕ್ ತುಳಿದಾಗ ಇನ್ನೊಬ್ಬರು ಹಿಂದೆ ನಿಂತು ಬ್ರೇಕ್ ಲೈಟ್ ನೋಡಲಿ. ಇದು ಬರೀ ಶಾಸ್ತ್ರಕ್ಕಲ್ಲ. ಬ್ರೇಕ್ ಪೆಡಲ್‌ನ ಸ್ವಿಚ್ ಕೆಟ್ಟರೂ ಎಷ್ಟೋ ಗಾಡಿಗಳಲ್ಲಿ ಇದೇ ದೀಪ ಹತ್ತುತ್ತದೆ. ನೀವು ಬ್ರೇಕ್ ತುಳಿದಿದ್ದೀರಾ ಇಲ್ಲವಾ ಅನ್ನೋದು ಗೊತ್ತಾಗದಿದ್ದರೆ ಕಂಪ್ಯೂಟರ್ ಪವರ್ ಕೊಡಲು ಹೆದರುತ್ತದೆ. ಬ್ರೇಕ್ ಲೈಟ್ ಹತ್ತದಿದ್ದರೆ, ಅಥವಾ ತುಳಿಯದೆಯೂ ಹತ್ತೇ ಇದ್ದರೆ, ಅಪರಾಧಿ ಅಲ್ಲೇ ಸಿಕ್ಕಿದ ಹಾಗೆ. ಆದರೆ ಬ್ರೇಕ್ ಲೈಟ್ ಹತ್ತದ ಗಾಡಿಯನ್ನು ಮಳೆಯಲ್ಲಿ ಹೈವೇಗೆ ಇಳಿಸಬಾರದು. ಹಿಂದಿನವನಿಗೆ ನೀವು ನಿಲ್ಲಿಸುತ್ತಿರೋದು ಗೊತ್ತೇ ಆಗಲ್ಲ.

ಸ್ಟಾರ್ಟ್ ಮಾಡಿ. ನ್ಯೂಟ್ರಲ್‌ನಲ್ಲೇ ಒಂದು ನಿಮಿಷ ಗಮನಿಸಿ. ಆರ್‌ಪಿಎಂ ತಾನಾಗಿ ಮೇಲೇರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಚೆಕ್ ಇಂಜಿನ್ ದೀಪ ಮಿಣುಕುತ್ತಿದ್ದರೂ ಅಷ್ಟೇ, ಅದು ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಅನ್ನೋ ಸೂಚನೆ, ಓಡಿಸಿದರೆ ಸುಡದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ. ಬಿಸಿಯ ದೀಪ, ಆಯಿಲ್ ದೀಪ, ಬ್ರೇಕ್ ಪೆಡಲ್ ಕಲ್ಲಾಗಿರೋದು, ಇವುಗಳಲ್ಲಿ ಯಾವುದಿದ್ದರೂ ಟೋ. ತುಳಿದರೆ ಇಂಜಿನ್ ಕೇಳಲ್ಲ, 1200-1500ರಲ್ಲೇ ಇದೆ ಅಂದರೆ ರಸ್ತೆ ಬಿಟ್ಟು ಹೊರಗಿನ ಜಾಗಕ್ಕೆ ಸರಿಸೋದಕ್ಕೆ ಮಾತ್ರ ಅದನ್ನು ಬಳಸಿ. ಆ ಸ್ಥಿತಿಯಲ್ಲಿ ಏರು ಹತ್ತಿಸಲು ಹೋಗಿ ಕ್ಲಚ್ ಅರ್ಧ ಹಿಡಿದು ಎಳೆಯೋದು ಇನ್ನೊಂದು ರಿಪೇರಿ ಬಿಲ್ ತರುತ್ತದೆ.

ದೀಪ ಆರಿದೆ, ಅಥವಾ ಇದೆ ಆದರೂ ಪೆಡಲ್‌ಗೆ ಇಂಜಿನ್ ಸ್ಪಂದಿಸುತ್ತಿದೆ, ಬೇರೆ ಯಾವ ದೀಪವೂ ಇಲ್ಲ. ಆಗ ಹೊರಡಬಹುದು, ಹತ್ತಿರದ ಊರಿನವರೆಗೆ. ಎಷ್ಟು ಕಿಲೋಮೀಟರ್ ಅಂತ ಕೇಳಿದ್ದೀರಿ. ಈ ದೋಷ ಕಿಲೋಮೀಟರ್ ಲೆಕ್ಕದಲ್ಲಿ ಕೆಡಲ್ಲ, ಯಾವಾಗ ಬೇಕಾದರೂ ಒಂದು ಮಟ್ಟ ಕೆಳಗಿಳಿಯುತ್ತದೆ. ಅದಕ್ಕೆ ನಾನು ದೂರ ನೋಡಲ್ಲ, ಈ ದಾರಿಯಲ್ಲಿ ಗಾಡಿ ಈಗಲೇ ನಿಂತರೆ ಪಕ್ಕಕ್ಕೆ ಜಾಗ ಇದೆಯಾ ಅಂತ ನೋಡುತ್ತೇನೆ. ಹಗಲು, ಅಂಚಿನಲ್ಲಿ ಜಾಗ, ಸಪಾಟು ರಸ್ತೆ ಇದ್ದರೆ ನಿಧಾನವಾಗಿ ಹೋಗಬಹುದು. ರಾತ್ರಿ, ಸೇತುವೆ, ಘಾಟ್, ಫ್ಲೈಓವರ್ ಇದ್ದರೆ ಬೇಡ. ಓವರ್‌ಟೇಕ್ ಪೂರ್ತಿ ಬಿಟ್ಟುಬಿಡಿ. ಅರ್ಧ ದಾರಿಯಲ್ಲಿ ಪಿಕಪ್ ಹೋದರೆ ನೀವು ಎದುರು ಲೇನ್‌ನಲ್ಲಿ ಸಿಕ್ಕಿರುತ್ತೀರಿ. ಕ್ರೂಸ್ ಕಂಟ್ರೋಲ್ ಹಾಕಬೇಡಿ. ಬ್ರೇಕ್ ಮತ್ತು ಆಕ್ಸಿಲರೇಟರ್ ಒಟ್ಟಿಗೆ ತುಳಿಯಬೇಡಿ, ಎರಡೂ ಒಟ್ಟಿಗೆ ಬಂದರೆ ಬಹಳ ಗಾಡಿಗಳಲ್ಲಿ ಕಂಪ್ಯೂಟರ್ ಬ್ರೇಕ್ ಮಾತು ಕೇಳಿ ಪವರ್ ಕಡಿದುಬಿಡುತ್ತದೆ. ಅಪರೂಪಕ್ಕೆ ಇಂಜಿನ್ ತಾನಾಗಿ ಏರಿದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಬ್ರೇಕನ್ನು ಒಂದೇ ಸಮ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಇಂಜಿನ್ ಕೂಗಿಕೊಳ್ಳಲಿ, ಪರವಾಗಿಲ್ಲ.

ಆಫ್-ಆನ್ ಎಷ್ಟು ಸಲ ಮಾಡಬಹುದು? ನನ್ನ ಲೆಕ್ಕ ಒಂದು ಸಲ. ಅದು ಆಕಸ್ಮಿಕವಾಗಿ ಒಮ್ಮೆ ಬಂದ ದೋಷವಾಗಿದ್ದರೆ ಅಷ್ಟರಲ್ಲೇ ಹೋಗುತ್ತದೆ. ಎರಡನೆ ಸಲ ಬಂತು ಅಂದರೆ ಅದು ನಿಜವಾದ ದೋಷ. ಆಮೇಲಿನ ಪ್ರತಿ ಆಫ್-ಆನ್ ನಿಮಗೆ ಪಿಕಪ್ ಕೊಟ್ಟು, ನೀವು ನಂಬಿ ವೇಗ ಹೆಚ್ಚಿಸಿದ ಮೇಲೆ ಕಿತ್ತುಕೊಳ್ಳುತ್ತದೆ. ದೋಣಿಗಾಲ್‌ನಿಂದ ಸಕಲೇಶಪುರದವರೆಗೆ ನೀವು ಮಾಡಿದ್ದು ಒಪ್ಪಿಗೆ. ಅಲ್ಲಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್, ಅದಕ್ಕೆ ನಾನಾಗಿದ್ದರೆ ಟೋ ಕರೆಸುತ್ತಿದ್ದೆ, ಅಮ್ಮ ಮತ್ತು ಮಗುವನ್ನು ಬಸ್ ಹತ್ತಿಸುತ್ತಿದ್ದೆ.

ಟೋ ಅಂದರೆ ದುಬಾರಿ ಅಂತ ಸುಮ್ನೆ ಹಿಂಜರಿಯಬೇಡಿ. ನಿಮ್ಮ ಇನ್ಶೂರೆನ್ಸ್ ಪಾಲಿಸಿಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿದೆಯಾ ಅಂತ ಇವತ್ತೇ ತೆಗೆದು ನೋಡಿ. ಎಷ್ಟೋ ಜನಕ್ಕೆ ತಾವು ದುಡ್ಡು ಕಟ್ಟಿರೋದೇ ಗೊತ್ತಿರಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಿಕ್ಕಿಕೊಂಡರೆ 1033ಕ್ಕೆ ಫೋನ್ ಮಾಡಬಹುದು. ಅವರ ಮುಖ್ಯ ಕೆಲಸ ಗಾಡಿಯನ್ನು ರಸ್ತೆಯಿಂದ ಸರಿಸೋದು, ನಿಮ್ಮ ಇಷ್ಟದ ಗ್ಯಾರೇಜ್‌ಗೆ ಬಿಡೋದಲ್ಲ. ಹಗ್ಗ ಕಟ್ಟಿ ಎಳೆಸೋದು ಏರುಇಳಿತದ ರಸ್ತೆಯಲ್ಲಿ ಬೇಡವೇ ಬೇಡ. ಆಟೋಮ್ಯಾಟಿಕ್ ಗಾಡಿಯಾದರೆ ನಾಲ್ಕೂ ಚಕ್ರ ಮೇಲೆ ಇರುವ ಫ್ಲಾಟ್‌ಬೆಡ್ಡೇ ಬೇಕು ಅಂತ ಹೇಳಿ.

ಇನ್ನು ನಿಮ್ಮ P2138. ಈ ಕೋಡ್ ಹೇಳೋದು ಆಕ್ಸಿಲರೇಟರ್ ಪೆಡಲ್‌ನ ಎರಡು ಸೆನ್ಸರ್ ತಾಳೆ ಆಗುತ್ತಿಲ್ಲ ಅಂತ. ಥ್ರಾಟಲ್ ಬಾಡಿಯ ಒಳಗಿನ ಸೆನ್ಸರ್‌ಗಳು ತಾಳೆ ಆಗದಿದ್ದರೆ ಬರೋದು P2135. ಎರಡೂ ಸಂಖ್ಯೆ ಹತ್ತಿರ ಹತ್ತಿರ ಇವೆ, ದೀಪವೂ ಒಂದೇ, ಲಕ್ಷಣವೂ ಮೇಲ್ನೋಟಕ್ಕೆ ಒಂದೇ ಥರ. ಹಾಗಾಗಿ ಥ್ರಾಟಲ್ ಅಂದ ತಕ್ಷಣ ಥ್ರಾಟಲ್ ಬಾಡಿ ಬದಲಿಸೋ ಚಾಳಿ ಬೆಳೆದಿದೆ. ನಿಮ್ಮ ಗಾಡಿಯಲ್ಲಿ ದೂರು ಬಂದಿರೋದು ಬಾನೆಟ್ ಕೆಳಗಿನಿಂದಲ್ಲ, ನಿಮ್ಮ ಬಲಗಾಲಿನ ಹತ್ತಿರದಿಂದ. ಹೊಸ ಥ್ರಾಟಲ್ ಬಾಡಿ ಹಾಕಿದರೂ ಈ ಕೋಡ್ ವಾಪಸ್ ಬರುತ್ತದೆ.

ಬ್ಯಾಟರಿ ಟರ್ಮಿನಲ್ ಬಿಚ್ಚಿದ್ದು ನನಗೆ ಬೇಜಾರಾದ ವಿಷಯ. ದೀಪ ಹತ್ತಿದ ಕ್ಷಣದಲ್ಲಿ ವೇಗ ಎಷ್ಟಿತ್ತು, ಆರ್‌ಪಿಎಂ ಎಷ್ಟಿತ್ತು ಅನ್ನೋದನ್ನು ಕಂಪ್ಯೂಟರ್ ಕೋಡ್ ಜೊತೆ ಬರೆದಿಟ್ಟಿರುತ್ತದೆ, ಫ್ರೀಜ್ ಫ್ರೇಮ್ ಅಂತಾರೆ. ಟರ್ಮಿನಲ್ ಬಿಚ್ಚಿದರೆ ಬಹಳ ಗಾಡಿಗಳಲ್ಲಿ ಆ ಸಾಕ್ಷಿ ಅಳಿಸಿಹೋಗುತ್ತದೆ. ಥ್ರಾಟಲ್ ಬಿಲ್ಲೆಯ ಕಲಿತ ಸ್ಥಾನವೂ ಮರೆತುಹೋಗಿ ಐಡಲ್ ಕೆಡಬಹುದು. ಈಗ ದೀಪ ಮತ್ತೆ ಬಂದಿದೆಯಲ್ಲ, ಈ ಸಲ ಏನನ್ನೂ ಅಳಿಸದೆ ಮೊದಲು ಎಲ್ಲಾ ಕೋಡ್, ಫ್ರೀಜ್ ಫ್ರೇಮ್ ಫೋಟೋ ತೆಗೆಸಿ.

ಆಮೇಲಿನ ಪರೀಕ್ಷೆಗೆ ಹೆಚ್ಚು ಹೊತ್ತು ಬೇಡ, ನಿಮ್ಮ ಎದುರಿಗೇ ಮಾಡಿಸಿ. ಇಗ್ನಿಷನ್ ಆನ್, ಇಂಜಿನ್ ಆಫ್. ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಪೆಡಲ್ ಸೆನ್ಸರ್ 1 ಮತ್ತು 2ರ ವೋಲ್ಟೇಜ್ ತೆರೆಯಬೇಕು. ಬಹಳ ಗಾಡಿಗಳಲ್ಲಿ ಒಂದು ಸೆನ್ಸರ್ ಇನ್ನೊಂದರ ಎರಡರಷ್ಟು ತೋರಿಸುತ್ತದೆ. ಕಾಲು ಇಡದಿದ್ದಾಗ 0.75 ಮತ್ತು 0.37 ಹತ್ತಿರ ಇದ್ದರೆ, ತುಳಿಯುತ್ತಾ ಹೋದಂತೆ 2.2 ಮತ್ತು 1.1, ಹೀಗೆ ಜೊತೆಯಾಗಿ ಏರಬೇಕು. ನಿಮ್ಮ ಮಾಡೆಲ್‌ನ ಲೆಕ್ಕ ಬೇರೆ ಇದ್ದರೆ ಅದರ ಮ್ಯಾನ್ಯುಯಲ್ ನೋಡಲಿ, ನೋಡುವ ರೀತಿ ಮಾತ್ರ ಇದೇ. ಪೆಡಲನ್ನು ತುಂಬಾ ನಿಧಾನವಾಗಿ, ಬೆರಳಿನಿಂದ, ಕೆಳಗಿನವರೆಗೆ ಒತ್ತಿ ಬಿಡಬೇಕು. ಒಂದು ಜಾಗದಲ್ಲಿ ಮಾತ್ರ ಎರಡನೆಯದು 1.1 ಇರಬೇಕಾದದ್ದು 0.3ಕ್ಕೆ ಬಿದ್ದು ಮತ್ತೆ ಏರಿತು, ಮತ್ತೆ ಒತ್ತಿದರೂ ಅದೇ ಜಾಗದಲ್ಲೇ ಬಿತ್ತು ಅಂದರೆ ಪೆಡಲ್ ಒಳಗಿನ ಸೆನ್ಸರ್ ಸವೆದಿದೆ. ಪೆಡಲ್ ಜೋಡಣೆ ಬದಲಿಸಬೇಕು, ಸಾಮಾನ್ಯವಾಗಿ ಅದು ಥ್ರಾಟಲ್ ಬಾಡಿಗಿಂತ ಅಗ್ಗ.

ಪೆಡಲ್ ಕದಲಿಸದೆ, ಅದರ ಮೇಲಿನ ಸಾಕೆಟ್ ಮತ್ತು ವೈರನ್ನು ಅಲ್ಲಾಡಿಸಿದಾಗ ಅಂಕಿ ಬಿದ್ದರೆ ಪೆಡಲ್ ನಿರಪರಾಧಿ. ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಇಲ್ಲೇ ಜಾಸ್ತಿ. ಮಳೆ ಇತ್ತು, ದೋಷ ಬಂದು ಹೋಗುತ್ತಿತ್ತು, ಕುಲುಕಿದಾಗ ಮರಳಿತು. ಬಹಳಷ್ಟು ಹೊಸ ಕಾರುಗಳ ಪೆಡಲ್ ಸೆನ್ಸರ್‌ಗಳಲ್ಲಿ ಒಳಭಾಗಗಳು ಒಂದಕ್ಕೊಂದು ತಾಗಲ್ಲ, ಹಾಗಾಗಿ ಅವು ಸವೆಯೋದು ಕಡಿಮೆ. ಸಾಕೆಟ್ ಬಿಚ್ಚಿ ಪಿನ್‌ಗಳಲ್ಲಿ ಹಸಿರು ಕಿಲುಬು ಇದೆಯಾ, ಯಾವುದಾದರೂ ಪಿನ್ ಹಿಂದೆ ಸರಿದಿದೆಯಾ ನೋಡಲಿ. ಡ್ರೈವರ್ ಕಾಲಡಿಯ ಕಾರ್ಪೆಟ್ ಎತ್ತಿ ಒತ್ತಿ ನೋಡಿ, ನೀರು ಜಿನುಗಿದರೆ ಎಲ್ಲಿಂದ ಬರುತ್ತಿದೆ ಅನ್ನೋದು ಮೊದಲು ಗೊತ್ತಾಗಬೇಕು. ಇಲಿಯನ್ನೂ ಮರೆಯಬೇಡಿ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಒಳಗೆ ಸೇರಿ ವೈರ್ ಕಚ್ಚಿರುತ್ತವೆ, ಹಿಕ್ಕೆ ಬಿದ್ದಿದ್ದರೆ ಆ ದಾರಿಯ ಎಲ್ಲಾ ವೈರನ್ನೂ ಬೆರಳಾಡಿಸಿ ನೋಡಬೇಕು.

ಎರಡು ಅಂಕಿಗಳೂ ಎಲ್ಲಾ ಕಡೆ ಸರಿಯಾಗೇ ಇದ್ದರೆ ಸ್ಕ್ಯಾನರ್ ಹಾಕಿಕೊಂಡೇ ಗುಂಡಿ ಇರುವ ರಸ್ತೆಯಲ್ಲಿ ಒಂದು ಸುತ್ತು ಹೋಗಬೇಕು, ಮೆಕ್ಯಾನಿಕ್ ಓಡಿಸಲಿ, ಇನ್ನೊಬ್ಬರು ಅಂಕಿ ನೋಡಲಿ. ಬ್ಯಾಟರಿ ವೋಲ್ಟೇಜ್, ಇಂಜಿನ್‌ನ ಅರ್ಥ್ ವೈರ್ ಕೂಡ ಆಗಲೇ ನೋಡಿಸಿ.

ಥ್ರಾಟಲ್ ಬಾಡಿ ಕ್ಲೀನ್ ಮಾಡಿಸೋಣ ಅಂತ ಹೇಳಿದರೆ ಬೇಡ ಅನ್ನಬೇಡಿ, ಹಳೆಯ ಗಾಡಿಯಲ್ಲಿ ಬಿಲ್ಲೆಯ ಅಂಚಿಗೆ ಕಪ್ಪು ಮಸಿ ಕಟ್ಟಿರುತ್ತದೆ. ಆದರೆ ಅದು ಈ ಕೋಡ್‌ಗೆ ಮದ್ದಲ್ಲ. ಮಾಡಿಸುವುದಾದರೆ ಇಗ್ನಿಷನ್ ಆನ್ ಇರುವಾಗ ಬಿಲ್ಲೆಯನ್ನು ಬೆರಳಿನಿಂದ ತಳ್ಳಬಾರದು, ಮೋಟರ್ ತಟ್ಟನೆ ಮುಚ್ಚಿದರೆ ಬೆರಳು ಸಿಕ್ಕಿಬೀಳುತ್ತದೆ. ಬಟ್ಟೆಗೆ ಕ್ಲೀನರ್ ಹಾಕಿ ಒರೆಸಬೇಕು, ನೇರ ಸುರಿಯಬಾರದು. ಕೊನೆಗೆ ಸ್ಕ್ಯಾನರ್‌ನಿಂದ ಥ್ರಾಟಲ್ ಅಡಾಪ್ಟೇಶನ್ ಮಾಡಬೇಕು. ಮಾಡದಿದ್ದರೆ ಕಂಪ್ಯೂಟರ್ ಮಸಿ ಇದ್ದಾಗಿನ ಹಳೆ ಲೆಕ್ಕದಲ್ಲೇ ಇದ್ದು, ಐಡಲ್ ಏರುಪೇರಾಗಿ ಹೊಸ ದೂರು ಶುರುವಾಗುತ್ತದೆ.

ಅವರು ಏನೇ ಬದಲಿಸಿದರೂ ಹಳೆಯ ಭಾಗವನ್ನು ನಿಮ್ಮ ಕೈಗೆ ಕೊಡಲಿ. ಬಿಲ್‌ನಲ್ಲಿ ಕೋಡ್ ಸಂಖ್ಯೆ ಮತ್ತು ಪರೀಕ್ಷೆಯಲ್ಲಿ ಸಿಕ್ಕ ಎರಡು ವೋಲ್ಟೇಜ್ ಬರೆಸಿಕೊಳ್ಳಿ. ಗಾಡಿ ಸಿಕ್ಕ ಮೇಲೆ ಕೆಲವು ದಿನ ಊರೊಳಗೆ ಓಡಿಸಿ, ಒಂದು ಮಳೆ ದಿನವೂ ಕಳೆಯಲಿ. ದೀಪ ಬರದಿದ್ದರೆ ಮಂಗಳೂರಿಗೆ ಹೊರಡಬಹುದು.